‘ಜಿಎಸ್‌ಟಿ ಕೆಲಸ ಕಲಿತೆ’ ಎಂದರೆ ಸಾಕೇ?

ಆಡಿಟರ್ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮುಗಿಸಿದ ಬಿ.ಕಾಂ. ವಿದ್ಯಾರ್ಥಿಗಳ ರೆಸ್ಯೂಮೆಗಳನ್ನು ತೆಗೆದು ನೋಡಿ. ಹೆಚ್ಚಿನವುಗಳಲ್ಲಿ ಇಂಥ ಮೂರು ಸಾಲುಗಳೇ ಇರುತ್ತವೆ: ‘ಜಿಎಸ್‌ಟಿ ಫೈಲಿಂಗ್‌ನಲ್ಲಿ ನೆರವಾದೆ. ಟ್ಯಾಲಿಯಲ್ಲಿ ಕೆಲಸ ಮಾಡಿದೆ. ಕಚೇರಿಯ ಕಾರ್ಯವಿಧಾನ ಕಲಿತೆ.’ ಮೂರರಲ್ಲಿ ಒಂದೂ ಸುಳ್ಳಲ್ಲ. ಆದರೆ ಎರಡು ತಿಂಗಳು ಬೆಳಗಿನಿಂದ ಸಂಜೆಯವರೆಗೆ ಬಿಲ್ಲುಗಳ ಕಟ್ಟಿನೊಂದಿಗೆ ಗುದ್ದಾಡಿದವರೂ ಇದನ್ನೇ ಬರೆಯುತ್ತಾರೆ, ಪ್ರಮಾಣಪತ್ರಕ್ಕಾಗಿ ವಾರಕ್ಕೊಮ್ಮೆ ಮುಖ ತೋರಿಸಿ ಹೋದವರೂ ಇದನ್ನೇ ಬರೆಯುತ್ತಾರೆ. ಓದುವವರಿಗೆ ಇಬ್ಬರ ನಡುವಿನ ವ್ಯತ್ಯಾಸ ತಿಳಿಯಲು ದಾರಿಯೇ ಇಲ್ಲ.

ಅವರಿಗೆ ಹುಡುಕಿ ತಿಳಿಯುವ ಪುರುಸೊತ್ತೂ ಇರುವುದಿಲ್ಲ. ಅಮೆರಿಕದ ಉದ್ಯೋಗ ತಾಣ ‘ಲ್ಯಾಡರ್ಸ್’ 2018ರಲ್ಲಿ ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು ನೋಡಿತ್ತು. ಒಂದು ರೆಸ್ಯೂಮೆಯ ಮೇಲೆ ಮೊದಲ ನೋಟಕ್ಕೆ ಅವರು ಕೊಟ್ಟ ಸಮಯ ಸರಾಸರಿ 7.4 ಸೆಕೆಂಡು. ನಮ್ಮಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಬಂದವರ ಮುಂದೆ ರೆಸ್ಯೂಮೆಗಳ ರಾಶಿಯೇ ಇರುವಾಗ ಇದಕ್ಕಿಂತ ಬಹಳ ಹೆಚ್ಚು ಸಮಯ ಸಿಗುತ್ತದೆಂದು ನಂಬುವುದು ಕಷ್ಟ. ಅಷ್ಟರಲ್ಲಿ ಕಣ್ಣಿಗೆ ಬೀಳುವುದು ಸಾಲಿನ ಮೊದಲ ಒಂದೆರಡು ಪದ ಮತ್ತು ಅಲ್ಲಲ್ಲಿರುವ ಅಂಕಿಗಳು. ಇಂಟರ್ನ್‌ಶಿಪ್ಪಿನ ಕೆಲಸವನ್ನು ರೆಸ್ಯೂಮೆಗೆ ಇಳಿಸುವಾಗ ಕ್ರಿಯಾಪದಕ್ಕೂ ಅಳತೆಗೂ ಇಷ್ಟು ಬೆಲೆ ಬರುವುದು ಅದಕ್ಕೇ.

ಗೂಗಲ್ ಕಂಪನಿಯ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2014ರಲ್ಲಿ ಇದಕ್ಕೊಂದು ಸೂತ್ರ ಹೇಳಿದ್ದರು. ಏನನ್ನು ಸಾಧಿಸಿದಿರಿ, ಅದರ ಅಳತೆ ಎಷ್ಟು, ಯಾವ ಕೆಲಸದಿಂದ ಸಾಧಿಸಿದಿರಿ ಎಂಬ ಮೂರೂ ಒಂದೇ ಸಾಲಿನಲ್ಲಿ ಇರಬೇಕು ಎಂಬುದು ಅದರ ತಿರುಳು. ಸೂತ್ರ ಕೇಳಲು ಸುಲಭ. ತೊಡಕಿರುವುದು ಆ ಮೂರನ್ನು ಎಲ್ಲಿಂದ ತರುವುದು ಎಂಬಲ್ಲಿ. ‘ನಾನು ಮಾಡಿದ್ದು ಸಣ್ಣ ಕೆಲಸ, ಅದರಲ್ಲಿ ಸಾಧನೆ ಎಲ್ಲಿಂದ ಬರಬೇಕು, ಅಂಕಿ ಎಲ್ಲಿದೆ’ ಎಂಬುದು ಬಹುತೇಕ ವಿದ್ಯಾರ್ಥಿಗಳ ಪ್ರಶ್ನೆ. ಇದಕ್ಕೆ ಉತ್ತರ ಸಿಗಬೇಕಾದರೆ ಒಂದು ಕೆಲಸವನ್ನು ಬುಡದಿಂದ ನೋಡಬೇಕು.

ಹದಿನಾಲ್ಕರಿಂದ ಇಪ್ಪತ್ತರವರೆಗೆ

ದಾವಣಗೆರೆಯಂಥ ಊರಿನ ಒಂದು ಆಡಿಟರ್ ಕಚೇರಿ ಎಂದಿಟ್ಟುಕೊಳ್ಳೋಣ. ಬಿ.ಕಾಂ. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಅಲ್ಲಿ ಜುಲೈ ಮತ್ತು ಆಗಸ್ಟ್ ಎರಡು ತಿಂಗಳು ಇಂಟರ್ನ್ ಆಗಿ ಕೆಲಸ ಮಾಡಿದ್ದಾಳೆ. ವಿದ್ಯಾರ್ಥಿನಿಯೂ ಕಚೇರಿಯೂ ಮುಂದೆ ಬರುವ ಅಂಕಿಗಳೂ ಉದಾಹರಣೆಗೆಂದು ಕಟ್ಟಿಕೊಂಡವು. ಕೆಲಸ ಮಾತ್ರ ನಾಡಿನ ಪ್ರತಿ ಊರಿನಲ್ಲೂ ಪ್ರತಿ ತಿಂಗಳೂ ನಡೆಯುವಂಥದ್ದು.

ಜಿಎಸ್‌ಟಿಯಲ್ಲಿ ಒಬ್ಬ ವ್ಯಾಪಾರಿ ಸರಕು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು, ತಾನು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. 2022ರ ಜನವರಿಯಿಂದ ಇದಕ್ಕೊಂದು ಬಿಗಿಯಾದ ಷರತ್ತಿದೆ. ಮಾರಿದವನು ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿರಬೇಕು ಮತ್ತು ಅದು ಕೊಂಡವನ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯಲ್ಲಿ ಕಾಣಿಸಬೇಕು. ಇಲ್ಲದಿದ್ದರೆ ಕೈಯಲ್ಲಿ ಬಿಲ್ ಇದ್ದರೂ ಆ ತಿಂಗಳು ಕ್ರೆಡಿಟ್ ಸಿಗದು. ಈ 2ಬಿ ಪಟ್ಟಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ರತಿ ತಿಂಗಳ 14ರಂದು ತಯಾರಾಗುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಜಿಎಸ್‌ಟಿಆರ್-3ಬಿಯನ್ನು 20ರೊಳಗೆ ಸಲ್ಲಿಸಬೇಕು. ಟ್ಯಾಲಿಯಲ್ಲಿರುವ ಖರೀದಿ ಲೆಕ್ಕಕ್ಕೂ ಪೋರ್ಟಲ್‌ನ ಪಟ್ಟಿಗೂ ತಾಳೆ ನೋಡಿ, ಹೊಂದದ ಬಿಲ್ಲುಗಳಿಗೆ ಕಾರಣ ಹುಡುಕಲು ಆಡಿಟರ್ ಕಚೇರಿಗೆ ಉಳಿಯುವುದು ಈ ನಡುವಿನ ದಿನಗಳು ಮಾತ್ರ. ಇಂಟರ್ನ್‌ಗಳ ಕೈಗೆ ಸಾಮಾನ್ಯವಾಗಿ ಬರುವುದು ಇದೇ ಕೆಲಸ.

ನಮ್ಮ ವಿದ್ಯಾರ್ಥಿನಿ ಮಾಡಿದ್ದೂ ಇದನ್ನೇ. ಆಕೆಗೆ ಒಂಬತ್ತು ಕ್ಲೈಂಟ್‌ಗಳ ಕೆಲಸ ಕೊಟ್ಟಿದ್ದರು. ಜುಲೈನಲ್ಲಿ ಜೂನ್ ತಿಂಗಳ ಬಿಲ್ಲುಗಳು, ಆಗಸ್ಟ್‌ನಲ್ಲಿ ಜುಲೈ ತಿಂಗಳವು. ಮೊದಲ ತಿಂಗಳು ಎರಡೂ ಪಟ್ಟಿಗಳ ಪ್ರಿಂಟ್ ತೆಗೆದು, ಪೆನ್ಸಿಲ್‌ನಿಂದ ಒಂದೊಂದೇ ಬಿಲ್ಲಿಗೆ ಗುರುತು ಹಾಕುತ್ತ ತಾಳೆ ನೋಡಿದಳು. ಹೊಂದದ ಬಿಲ್ಲುಗಳ ಪೈಕಿ ಹೆಚ್ಚಿನವುಗಳಲ್ಲಿ ನಿಜವಾದ ತಪ್ಪೇ ಇರಲಿಲ್ಲ. ಟ್ಯಾಲಿಯಲ್ಲಿ ಬಿಲ್ ಸಂಖ್ಯೆ 45 ಎಂದಿದ್ದರೆ ಪೋರ್ಟಲ್‌ನಲ್ಲಿ 0045 ಎಂದೋ, ಹಿಂದೆ ಹಣಕಾಸು ವರ್ಷ ಸೇರಿಸಿಯೋ ನಮೂದಾಗಿತ್ತು. ಎರಡನೇ ತಿಂಗಳು ಆಕೆ ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿಕೊಂಡಳು. ಬಿಲ್ ಸಂಖ್ಯೆಯ ಮುಂದಿನ ಸೊನ್ನೆ, ನಡುವಿನ ಗೆರೆ, ಹಿಂದಿನ ವರ್ಷ ಇವನ್ನೆಲ್ಲ ತೆಗೆದು ಎರಡೂ ಕಡೆಯ ಸಂಖ್ಯೆಯನ್ನು ಒಂದೇ ರೂಪಕ್ಕೆ ತರುವ ಶೀಟ್ ಅದು. ಸರಬರಾಜುದಾರರ ಜಿಎಸ್‌ಟಿ ಸಂಖ್ಯೆಯನ್ನು ಅದಕ್ಕೆ ಜೋಡಿಸಿ ಹುಡುಕಿದಾಗ ಇಂಥ ಹುಸಿ ವ್ಯತ್ಯಾಸಗಳು ತಾವಾಗಿಯೇ ಬಗೆಹರಿದವು.

ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೂ ಆಕೆಯ ರೆಸ್ಯೂಮೆಯಲ್ಲಿ ಬಂದದ್ದು ‘ಜಿಎಸ್‌ಟಿ ಫೈಲಿಂಗ್‌ನಲ್ಲಿ ನೆರವಾದೆ’ ಎಂಬ ಸಾಲು. ಮೇಲಿನ ಎರಡು ಪ್ಯಾರಾಗಳಲ್ಲಿ ಓದಿದ ಒಂದು ಸಂಗತಿಯೂ ಅದರಲ್ಲಿಲ್ಲ.

ಮೊದಲು ಕಚ್ಚಾ ಪಟ್ಟಿ

ಸಾಲು ಬರೆಯಲು ಕೂರುವ ಮೊದಲು ಕೆಲಸದ ವಿವರವನ್ನು ಅಲಂಕಾರವಿಲ್ಲದೆ ಒಂದು ಹಾಳೆಗೆ ಇಳಿಸಿಕೊಳ್ಳಬೇಕು. ಪ್ರತಿ ಕೆಲಸಕ್ಕೂ ಈ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ನನ್ನ ಕೈಗೆ ಬಂದದ್ದು ಏನು, ಎಷ್ಟು? ನಾನು ಅದಕ್ಕೆ ಮಾಡಿದ್ದೇನು? ನನ್ನ ಕೈಯಿಂದ ಹೊರಗೆ ಹೋದದ್ದು ಏನು, ಯಾರಿಗೆ ಹೋಯಿತು? ಆಮೇಲೆ ಅದರಿಂದ ಏನಾಯಿತು?

ವಿದ್ಯಾರ್ಥಿನಿಯ ಹಾಳೆಯಲ್ಲಿ ಆಗ ಇಷ್ಟು ಬರುತ್ತದೆ. ಕೈಗೆ ಬಂದದ್ದು ಎರಡು ತಿಂಗಳಲ್ಲಿ ಒಂಬತ್ತು ಕ್ಲೈಂಟ್‌ಗಳ ಸುಮಾರು 1,150 ಖರೀದಿ ಬಿಲ್ಲುಗಳು. ತಾಳೆ ನೋಡಿದಾಗ ಹೊಂದದೆ ಉಳಿದವು 138. ಅವುಗಳಲ್ಲಿ 74 ಬರೀ ಸಂಖ್ಯೆ ಬರೆದ ರೀತಿಯ ವ್ಯತ್ಯಾಸ, 23 ಮೊತ್ತ ಅಥವಾ ಜಿಎಸ್‌ಟಿ ಸಂಖ್ಯೆಯ ನಿಜವಾದ ತಪ್ಪು, ಉಳಿದ 41 ಸರಬರಾಜುದಾರರು ಪೋರ್ಟಲ್‌ಗೆ ಹಾಕದೇ ಬಿಟ್ಟ ಬಿಲ್ಲುಗಳು. ಹೊರಗೆ ಹೋದದ್ದು ಕ್ಲೈಂಟ್‌ವಾರು ವ್ಯತ್ಯಾಸದ ಪಟ್ಟಿ. ಅದು ಎರಡೂ ತಿಂಗಳು 18ನೇ ತಾರೀಖಿನೊಳಗೆ ಸೀನಿಯರ್ ಕೈ ಸೇರಿದೆ. ಮೂರು ದೊಡ್ಡ ಕ್ಲೈಂಟ್‌ಗಳ ತಾಳೆಗೆ ಮೊದಲ ತಿಂಗಳು 11 ಗಂಟೆ ಹಿಡಿದಿತ್ತು, ಶೀಟ್ ಮಾಡಿದ ಮೇಲೆ ನಾಲ್ಕೂವರೆ ಗಂಟೆ. ಪೋರ್ಟಲ್‌ಗೆ ಹಾಕದ ಬಿಲ್ಲುಗಳ ಪೈಕಿ ಮೊದಲ ತಿಂಗಳಿನವು 25. ಅವುಗಳ ಸರಬರಾಜುದಾರರಿಗೆಲ್ಲ ಆಕೆ ಫೋನ್ ಮಾಡಿದ್ದಾಳೆ, 18 ಬಿಲ್ಲುಗಳು ಮುಂದಿನ ತಿಂಗಳ 2ಬಿಯಲ್ಲಿ ಕಾಣಿಸಿಕೊಂಡಿವೆ. ಎರಡನೇ ತಿಂಗಳಿನ 16 ಬಿಲ್ಲುಗಳ ಗತಿ ಏನಾಯಿತೆಂದು ಆಕೆಗೆ ಗೊತ್ತಿಲ್ಲ, ಅಷ್ಟರಲ್ಲಿ ಇಂಟರ್ನ್‌ಶಿಪ್ ಮುಗಿದಿತ್ತು.

‘ಅಂಕಿ ಎಲ್ಲಿದೆ’ ಎಂಬ ಪ್ರಶ್ನೆಗೆ ಇಲ್ಲೇ ಉತ್ತರವಿದೆ. ಲಾಭ, ಮಾರಾಟ, ವಹಿವಾಟು ಇಂಥವಷ್ಟೇ ಅಳತೆಯಲ್ಲ. ಎಷ್ಟು ಮಾಡಿದೆ, ಎಷ್ಟು ಹೊತ್ತಿನಲ್ಲಿ ಮಾಡಿದೆ, ಗಡುವಿಗೆ ಎಷ್ಟು ಮೊದಲು ಮುಗಿಸಿದೆ, ಎಷ್ಟು ತಪ್ಪು ಹಿಡಿದೆ ಇವೂ ಅಳತೆಗಳೇ. ಇಂಟರ್ನ್‌ನ ಕೆಲಸದಲ್ಲಿ ಹೆಚ್ಚಾಗಿ ಸಿಗುವುದೂ ಇವೇ.

ಆದರೆ ಇಂಥ ಅಂಕಿಗಳು ತಿಂಗಳು ಕಳೆದ ಮೇಲೆ ನೆನಪಿನಲ್ಲಿ ಉಳಿಯುವುದಿಲ್ಲ. ಕಚೇರಿಯ ಕಂಪ್ಯೂಟರ್‌ನಲ್ಲಿರುವ ಫೈಲು ಕಚೇರಿ ಬಿಟ್ಟ ಮೇಲೆ ನಿಮ್ಮ ಕೈಗೆ ಸಿಗುವುದೂ ಇಲ್ಲ. ಅನೇಕ ಕಾಲೇಜುಗಳು ಇಂಟರ್ನ್‌ಶಿಪ್‌ಗೆ ದಿನಚರಿ ಪುಸ್ತಕ ಕೇಳುತ್ತವೆ. ಅದನ್ನು ಕೊನೆಯ ರಾತ್ರಿ ಕೂತು ತುಂಬಿಸುವ ಬದಲು, ದಿನವೂ ಸಂಜೆ ಎಷ್ಟು ಬಿಲ್, ಎಷ್ಟು ಗಂಟೆ, ಎಲ್ಲಿ ತೊಡಕಾಯಿತು ಎಂದು ಎರಡು ಸಾಲು ಬರೆದಿಟ್ಟರೆ ರೆಸ್ಯೂಮೆಯ ಅರ್ಧ ಕೆಲಸ ಅಲ್ಲೇ ಮುಗಿದಂತೆ.

ಕ್ರಿಯಾಪದ ನಿಮ್ಮ ಪಾಲನ್ನು ಹೇಳಬೇಕು

ನಮ್ಮಲ್ಲಿ ರೆಸ್ಯೂಮೆ ಬರೆಯುವುದು ಬಹುತೇಕ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲೊಂದು ಅನುಕೂಲವಿದೆ. ಮಾಡಿದ ಕೆಲಸವನ್ನು ಗೆಳತಿಗೆ ಹೇಳುವಂತೆ ಕನ್ನಡದಲ್ಲಿ ಹೇಳಿ ನೋಡಿ: ‘ಒಂಬತ್ತು ಕ್ಲೈಂಟ್‌ಗಳ ಬಿಲ್ಲುಗಳನ್ನು 2ಬಿ ಜತೆ ತಾಳೆ ನೋಡಿದೆ.’ ವಾಕ್ಯದ ಕೊನೆಗೆ ಬರುವ ಕ್ರಿಯಾಪದವೇ ಇಂಗ್ಲಿಷ್ ಸಾಲಿನ ಮೊದಲ ಪದವಾಗಬೇಕು. ‘ತಾಳೆ ನೋಡಿದೆ’ ಎಂಬುದು ‘ರೀಕನ್ಸೈಲ್ಡ್’ ಎಂದಾಗುತ್ತದೆ. ‘ಶೀಟ್ ಕಟ್ಟಿದೆ’ ಎಂಬುದು ‘ಬಿಲ್ಟ್’, ‘ಫೋನ್ ಮಾಡಿ ಬೆನ್ನು ಹತ್ತಿದೆ’ ಎಂಬುದು ‘ಫಾಲೋಡ್ ಅಪ್’. ‘ನಾನು’ ಎಂಬರ್ಥದ ಪದ ಬೇಕಿಲ್ಲ. ಮುಗಿದ ಕೆಲಸವಾದ್ದರಿಂದ ಭೂತಕಾಲ. ಹೀಗೆ ಮಾಡಿದಾಗ ‘ರೆಸ್ಪಾನ್ಸಿಬಲ್ ಫಾರ್’, ‘ವರ್ಕ್ಡ್ ಆನ್’ ಎಂಬ ಹುಸಿ ಆರಂಭಗಳು ತಾವಾಗಿಯೇ ಬಿದ್ದುಹೋಗುತ್ತವೆ. ಜವಾಬ್ದಾರಿ ಇತ್ತು ಎಂದರೆ ಆ ಕೆಲಸ ನಡೆಯಿತೋ ಇಲ್ಲವೋ ತಿಳಿಯುವುದಿಲ್ಲ.

ಅಂತರ್ಜಾಲದಲ್ಲಿ ಕ್ರಿಯಾಪದಗಳ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಅಲ್ಲಿಂದ ಗಟ್ಟಿ ಸದ್ದಿನ ಪದ ಆರಿಸುವುದೇ ದೊಡ್ಡ ಬಲೆ. ಕ್ರಿಯಾಪದವನ್ನು ಆರಿಸಬೇಕಾದದ್ದು ಕೆಲಸದಲ್ಲಿ ನಿಮ್ಮ ಪಾಲು ಎಷ್ಟಿತ್ತು ಎಂಬುದನ್ನು ನೋಡಿ. ಪಕ್ಕದಲ್ಲಿ ಕೂತು ನೋಡಿದ್ದು ಬೇರೆ, ಹೇಳಿದ ಹಾಗೆ ಎಂಟ್ರಿ ಮಾಡಿದ್ದು ಬೇರೆ. ಎಂಟ್ರಿಯನ್ನು ಪರಿಶೀಲಿಸಿ ತಪ್ಪು ಹಿಡಿದದ್ದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ತಪ್ಪು ಮರುಕಳಿಸದಂತೆ ಹೊಸ ಕ್ರಮ ರೂಪಿಸಿದ್ದು ಇನ್ನೂ ಮೇಲೆ. ಇನ್ನೊಬ್ಬರಿಗೆ ಕೆಲಸ ಹಂಚಿ, ಫಲಿತಾಂಶಕ್ಕೆ ತಾನೇ ಹೊಣೆ ಹೊತ್ತದ್ದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ‘ಲೆಡ್’, ‘ಮ್ಯಾನೇಜ್ಡ್’ ಎಂಬ ಪದಗಳು ಸೇರುವುದು ಅಲ್ಲಿಗೆ ಮಾತ್ರ.

ನಮ್ಮ ವಿದ್ಯಾರ್ಥಿನಿ ‘ಒಂಬತ್ತು ಸಂಸ್ಥೆಗಳ ಜಿಎಸ್‌ಟಿ ರಿಟರ್ನ್ ನಿರ್ವಹಿಸಿದೆ’ ಎಂದು ಬರೆದರೆ ಅದು ಸರಿಯಲ್ಲ. ರಿಟರ್ನ್ ನೋಡಿ ಒಪ್ಪಿದವರು ಆಡಿಟರ್, ಸಲ್ಲಿಸಿದವರು ಸೀನಿಯರ್. ಆಕೆಯ ಪಾಲು ತಾಳೆ ನೋಡುವುದು, ವ್ಯತ್ಯಾಸ ಹಿಡಿಯುವುದು, ಬೆನ್ನು ಹತ್ತುವುದು. ಅದೇನೂ ಕಡಿಮೆಯಲ್ಲ. ಎಕ್ಸೆಲ್ ಶೀಟ್‌ನ ಮಾತೂ ಹಾಗೇ. ಸೀನಿಯರ್ ಕೊಟ್ಟ ಶೀಟ್ ಅನ್ನು ಬಳಸಿದ್ದರೆ ‘ಬಳಸಿ’ ಎನ್ನಬೇಕು. ತಾನೇ ಕಟ್ಟಿದ್ದರೆ ಮಾತ್ರ ‘ಕಟ್ಟಿದೆ’. ಸಂದರ್ಶನದಲ್ಲಿ ‘ಬಿಲ್ ಸಂಖ್ಯೆಯ ಮುಂದಿನ ಸೊನ್ನೆಯನ್ನು ಹೇಗೆ ತೆಗೆದಿರಿ?’ ಎಂಬ ಒಂದು ಪ್ರಶ್ನೆ ಸಾಕು, ಕಟ್ಟಿದವರು ಯಾರು ಬಳಸಿದವರು ಯಾರು ಎಂದು ಗೊತ್ತಾಗಲು.

‘ನೆರವಾದೆ’ ಎಂಬ ಪದ ಪ್ರಾಮಾಣಿಕವೇ, ಆದರೆ ಟೊಳ್ಳು. ನೆರವಿನ ಯಾವ ಭಾಗ ನಿಮ್ಮದು ಎಂದು ಕೇಳಿಕೊಂಡರೆ ಅದರ ಒಳಗಿನಿಂದ ನಿಜವಾದ ಕ್ರಿಯಾಪದ ಹೊರಬರುತ್ತದೆ.

ಅಂಕಿ ಜಾರುವುದು ಎಲ್ಲಿ?

ಅಳತೆ ಬೇಕು ಎಂದೊಡನೆ ಕೆಲವರು ಎಲ್ಲ ಸಾಲಿಗೂ ಒಂದೊಂದು ಶೇಕಡಾ ಅಂಟಿಸುತ್ತಾರೆ. ‘ದಕ್ಷತೆಯನ್ನು ಶೇ 40ರಷ್ಟು ಹೆಚ್ಚಿಸಿದೆ’ ಎಂಬ ಸಾಲು ಕಂಡರೆ ಅನುಭವಿಗಳು ಮೊದಲು ಕೇಳುವುದು ‘ಯಾವುದರ ಶೇ 40?’ ಎಂದು. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಯಾವ ಅವಧಿಯಲ್ಲಿ ಎಂಬುದು ಇಲ್ಲದ ಶೇಕಡಾವಾರು ನಂಬಿಕೆ ಹುಟ್ಟಿಸುವುದಿಲ್ಲ.

ಮೂರು ಕ್ಲೈಂಟ್‌ಗಳ ತಾಳೆ 11 ಗಂಟೆಯಿಂದ ನಾಲ್ಕೂವರೆ ಗಂಟೆಗೆ ಇಳಿದದ್ದನ್ನು ‘ಶೇ 59 ಕಡಿತ’ ಎಂದೂ ಬರೆಯಬಹುದು, ಲೆಕ್ಕ ಸರಿಯಾಗಿಯೇ ಇದೆ. ಆದರೆ ಇದು ಮೂರೇ ಕ್ಲೈಂಟ್‌ಗಳ, ಎರಡೇ ತಿಂಗಳ ಅಳತೆ. ಮೊದಲ ತಿಂಗಳು ಆಕೆ ಕೆಲಸಕ್ಕೆ ಹೊಸಬಳು. ಶೀಟ್ ಇಲ್ಲದಿದ್ದರೂ ಎರಡನೇ ತಿಂಗಳು ಕೈ ಪಳಗಿ ಒಂದಷ್ಟು ಸಮಯ ಉಳಿಯುತ್ತಿತ್ತು. ಇಷ್ಟು ಸಣ್ಣ ಅಳತೆಗೆ ಶೇಕಡಾವಾರು ಹಾಕಿದರೆ ಅದು ಇಡೀ ಕಚೇರಿಯ ಕೆಲಸವೇ ಅಷ್ಟು ಇಳಿಯಿತು ಎಂಬ ಭಾವನೆ ತರುತ್ತದೆ. ‘11 ಗಂಟೆಯಿಂದ ನಾಲ್ಕೂವರೆ ಗಂಟೆಗೆ’ ಎಂದು ಎರಡೂ ಅಂಕಿ ಕೊಟ್ಟರೆ ಓದುವವರು ತಾವೇ ಅಳೆದುಕೊಳ್ಳುತ್ತಾರೆ. ಸಣ್ಣ ಅಳತೆಗೆ ನೇರ ಅಂಕಿ, ದೊಡ್ಡ ಅಳತೆಗೆ ಶೇಕಡಾವಾರು ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ಒಪ್ಪುವ ಕ್ರಮ.

ಹಣದ ಅಂಕಿ ಇನ್ನೂ ಜಾರುವ ನೆಲ. ಬೆನ್ನು ಹತ್ತಿ ಪೋರ್ಟಲ್‌ಗೆ ಬರುವಂತೆ ಮಾಡಿದ 18 ಬಿಲ್ಲುಗಳಲ್ಲಿ ತೆರಿಗೆಯ ಮೊತ್ತ ಒಟ್ಟು 86,000 ರೂಪಾಯಿ ಇತ್ತು ಎನ್ನೋಣ. ‘ಕ್ಲೈಂಟ್‌ಗಳಿಗೆ 86,000 ರೂಪಾಯಿ ಉಳಿಸಿದೆ’ ಎಂದು ಬರೆಯುವ ಆಸೆ ಸಹಜ. ಜಿಎಸ್‌ಟಿ ಬಲ್ಲವರು ಅದನ್ನು ಒಪ್ಪುವುದಿಲ್ಲ. ಸರಬರಾಜುದಾರ ತಡವಾಗಿ ಹಾಕಿದರೂ ಕಾನೂನಿನ ಗಡುವಿನೊಳಗೆ ಹಾಕಿದರೆ ಆ ಕ್ರೆಡಿಟ್ ಮುಂದೊಂದು ತಿಂಗಳು ಸಿಕ್ಕೇ ಸಿಗುತ್ತಿತ್ತು. ಅಂದರೆ ಹಣ ನಷ್ಟವಾಗುತ್ತಿತ್ತು ಎನ್ನಲಾಗದು, ತಡವಾಗುತ್ತಿತ್ತು ಅಷ್ಟೆ. ಅದರ ಮೇಲೆ, ಆಕೆ ಫೋನ್ ಮಾಡದಿದ್ದರೂ 18ರಲ್ಲಿ ಕೆಲವು ತಾವಾಗಿಯೇ ಬರುತ್ತಿದ್ದವು. ಹಾಗಾಗಿ ಹೇಳಬಹುದಾದದ್ದು ಇಷ್ಟು: 25 ಬಿಲ್ಲುಗಳ ಬೆನ್ನು ಹತ್ತಿದೆ, 18 ಮುಂದಿನ ತಿಂಗಳ ಪಟ್ಟಿಯಲ್ಲಿ ಬಂದವು, ಅವುಗಳಲ್ಲಿದ್ದ ಕ್ರೆಡಿಟ್ 86,000 ರೂಪಾಯಿ. ‘ಉಳಿಸಿದೆ’ ಎಂಬ ಪದ ಬೇಡ. ಅಂಕಿ ಅಷ್ಟೇ ಇದೆ, ಮಾತು ಮಾತ್ರ ನಿಜಕ್ಕೆ ಹತ್ತಿರವಾಯಿತು. ವಿಷಯ ಬಲ್ಲ ಸಂದರ್ಶಕರಿಗೆ ಇದರಿಂದ ಇನ್ನೊಂದೂ ಗೊತ್ತಾಗುತ್ತದೆ, ಈ ಹುಡುಗಿಗೆ ಕ್ರೆಡಿಟ್ ಎಂದರೇನೆಂದು ಅರ್ಥವಾಗಿದೆ ಎಂಬುದು. ಎರಡನೇ ತಿಂಗಳಿನ 16 ಬಿಲ್ಲುಗಳ ಫಲಿತಾಂಶ ಆಕೆಗೆ ತಿಳಿಯದ ಕಾರಣ ಅವು ಸಾಲಿನಲ್ಲಿ ಬರಬಾರದು.

ನಿಖರವಾಗಿ ಎಣಿಸದ ಅಂಕಿಗೆ ‘ಸುಮಾರು’ ಸೇರಿಸುವುದರಲ್ಲಿ ಅವಮಾನವೇನಿಲ್ಲ. ದಿನಕ್ಕೆ ಎಷ್ಟು ಬಿಲ್, ವಾರಕ್ಕೆ ಎಷ್ಟು ದಿನ ಎಂದು ಗುಣಿಸಿ ಅಂದಾಜು ಮಾಡಿದ್ದರೆ, ಆ ಗುಣಾಕಾರವನ್ನು ಕೇಳಿದಾಗ ಹೇಳಬಲ್ಲೆನೇ ಎಂಬುದಷ್ಟೇ ಪರೀಕ್ಷೆ.

ಇನ್ನೊಂದು ಎಚ್ಚರಿಕೆ ಗೌಪ್ಯತೆಯದು. ಕ್ಲೈಂಟ್‌ಗಳ ಹೆಸರು, ಅವರ ವಹಿವಾಟು, ಕಟ್ಟಿದ ತೆರಿಗೆ ಇವು ಯಾವುವೂ ರೆಸ್ಯೂಮೆಗೆ ಬರಬಾರದು. ವೃತ್ತಿಯಲ್ಲಿ ತಿಳಿದ ಕ್ಲೈಂಟ್‌ನ ಮಾಹಿತಿಯನ್ನು ಅನುಮತಿ ಇಲ್ಲದೆ ಹೊರಗೆ ಹೇಳುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ಲೆಕ್ಕ ಪರಿಶೋಧಕರಿಗೆ ವೃತ್ತಿಯ ದುರ್ನಡತೆ. ಅವರ ಕಚೇರಿಯಲ್ಲಿ ಕಲಿತ ಇಂಟರ್ನ್ ಅದನ್ನೇ ಮಾಡಿದರೆ ತೊಂದರೆ ಅವರಿಗೂ ತಟ್ಟುತ್ತದೆ. ‘ಒಂಬತ್ತು ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳು’ ಎಂದರೆ ಸಾಕು. 86,000ದಂಥ ಒಟ್ಟು ಮೊತ್ತವನ್ನು ಬರೆಯುವ ಮೊದಲೂ ಸೀನಿಯರ್‌ರನ್ನು ಒಂದು ಮಾತು ಕೇಳಬೇಕು. ಬೇಡವೆಂದರೆ 18 ಬಿಲ್ಲುಗಳ ಮಾತಿಗೇ ನಿಲ್ಲಿಸಬೇಕು.

ಕೊನೆಗೆ ಮೂರು ಸಾಲು

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ವಿದ್ಯಾರ್ಥಿನಿಯ ಇಂಟರ್ನ್‌ಶಿಪ್ ಹೀಗೆ ನಿಲ್ಲುತ್ತದೆ:

• ಒಂಬತ್ತು ಕ್ಲೈಂಟ್‌ಗಳ ಸುಮಾರು 1,150 ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜತೆ ತಾಳೆ ನೋಡಿ, 138 ವ್ಯತ್ಯಾಸಗಳನ್ನು ಕಾರಣವಾರು ವಿಂಗಡಿಸಿ, ಎರಡೂ ತಿಂಗಳು ಗಡುವಿಗೆ ಎರಡು ದಿನ ಮೊದಲೇ ಒಪ್ಪಿಸಿದೆ.

• ಬಿಲ್ ಸಂಖ್ಯೆಗಳನ್ನು ಒಂದೇ ರೂಪಕ್ಕೆ ತರುವ ಎಕ್ಸೆಲ್ ಶೀಟ್ ಕಟ್ಟಿ, ಮೂರು ದೊಡ್ಡ ಕ್ಲೈಂಟ್‌ಗಳ ತಾಳೆ ಕೆಲಸವನ್ನು 11 ಗಂಟೆಯಿಂದ ನಾಲ್ಕೂವರೆ ಗಂಟೆಗೆ ಇಳಿಸಿದೆ.

• ಪೋರ್ಟಲ್‌ಗೆ ಬಾರದ 25 ಬಿಲ್ಲುಗಳ ಸರಬರಾಜುದಾರರನ್ನು ಫೋನ್‌ನಲ್ಲಿ ಬೆನ್ನು ಹತ್ತಿದೆ. 18 ಬಿಲ್ಲುಗಳು ಮುಂದಿನ ತಿಂಗಳ 2ಬಿಯಲ್ಲಿ ಬಂದವು, ಅವುಗಳಲ್ಲಿದ್ದ ಕ್ರೆಡಿಟ್ 86,000 ರೂಪಾಯಿ.

ಇಂಗ್ಲಿಷಿಗೆ ತರುವಾಗ ಪ್ರತಿ ಸಾಲೂ ತನ್ನ ಕ್ರಿಯಾಪದದಿಂದ ಶುರುವಾಗಿ, ಹೆಚ್ಚೆಂದರೆ ಎರಡು ಸಾಲಿನ ಉದ್ದಕ್ಕೆ ನಿಲ್ಲಬೇಕು. ಒಂದು ಇಂಟರ್ನ್‌ಶಿಪ್‌ಗೆ ಮೂರು, ಹೆಚ್ಚೆಂದರೆ ನಾಲ್ಕು ಸಾಲು ಸಾಕು. ಟ್ಯಾಲಿ ಎಂಟ್ರಿ, ಫೈಲು ಜೋಡಿಸಿದ್ದು, ಬ್ಯಾಂಕಿಗೆ ಹೋಗಿ ಚಲನ್ ಕಟ್ಟಿದ್ದು ಇವನ್ನೂ ಸೇರಿಸಿದರೆ ಮೇಲಿನ ಮೂರರ ತೂಕ ಇಳಿಯುತ್ತದೆ. ಟ್ಯಾಲಿ ಗೊತ್ತು ಎಂಬುದನ್ನು ಕೌಶಲಗಳ ಪಟ್ಟಿಯಲ್ಲಿ ಹೇಳಿದರಾಯಿತು.

ಸಾಲುಗಳ ಕ್ರಮ ಮಾತ್ರ ಕೆಲಸದಿಂದ ಕೆಲಸಕ್ಕೆ ಬದಲಾಗಬೇಕು. ಅಕೌಂಟ್ಸ್ ವಿಭಾಗದ ಹುದ್ದೆಗೆ ತಾಳೆಯ ಸಾಲೇ ಮೊದಲು. ದತ್ತಾಂಶ ವಿಶ್ಲೇಷಣೆಯ ಕೆಲಸಕ್ಕಾದರೆ ಎಕ್ಸೆಲ್ ಶೀಟ್‌ನ ಸಾಲು ಮೇಲೆ ಬರಬೇಕು. ಬಾಕಿ ವಸೂಲಿಯ, ಇಲ್ಲವೇ ಗ್ರಾಹಕರೊಂದಿಗೆ ಮಾತಾಡುವ ಕೆಲಸಕ್ಕಾದರೆ ಫೋನ್ ಮಾಡಿ ಬೆನ್ನು ಹತ್ತಿದ್ದೇ ಮುಖ್ಯ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆ ಮನುಷ್ಯರ ಕೈಗೆ ಹೋಗುವ ಮೊದಲು ತಂತ್ರಾಂಶವೊಂದರಲ್ಲಿ ಸಂಗ್ರಹವಾಗುತ್ತದೆ. ನೇಮಕಾತಿಯವರು ಅಲ್ಲಿ ಪದ ಹಾಕಿ ಹುಡುಕುತ್ತಾರೆ. ಜಾಹೀರಾತಿನಲ್ಲಿ ‘ಜಿಎಸ್‌ಟಿ ರೀಕನ್ಸಿಲಿಯೇಷನ್’ ಎಂದು ಕೇಳಿದ್ದರೆ, ನೀವು ಮಾಡಿದ ಕೆಲಸ ಅದೇ ಆಗಿದ್ದರೆ, ಆ ಪದ ಹಾಗೆಯೇ ನಿಮ್ಮ ಸಾಲಿನಲ್ಲಿರಲಿ. ಚಿತ್ರ, ಬಣ್ಣದ ಚೌಕ, ಎರಡು ಅಂಕಣದ ವಿನ್ಯಾಸ ಹಾಕಿದರೆ ಕೆಲವು ತಂತ್ರಾಂಶಗಳು ಅಕ್ಷರಗಳನ್ನು ಕಲಸಿ ಓದುತ್ತವೆ. ಸಾದಾ ಪುಟವೇ ಕ್ಷೇಮ.

ಅಂಕಿ ಸಿಗದ ಇಂಟರ್ನ್‌ಶಿಪ್

ಎಲ್ಲ ಕೆಲಸದಲ್ಲೂ ಮೊದಲು ಎಷ್ಟು, ಆಮೇಲೆ ಎಷ್ಟು ಎಂಬ ಲೆಕ್ಕ ಸಿಗುವುದಿಲ್ಲ. ಪೀಣ್ಯದ ಯಂತ್ರಭಾಗ ತಯಾರಿಸುವ ಘಟಕದಲ್ಲಿ ತಿಂಗಳು ಕಳೆದ ಮೆಕ್ಯಾನಿಕಲ್ ವಿದ್ಯಾರ್ಥಿಗೆ ಸಿಎನ್‌ಸಿ ಯಂತ್ರ ಮುಟ್ಟಲು ಬಿಟ್ಟಿರಲಾರರು. ವರ್ನಿಯರ್ ಹಿಡಿದು ಅಳತೆ ನೋಡಿ ರಿಜಿಸ್ಟರ್‌ನಲ್ಲಿ ಬರೆಯುವುದಷ್ಟೇ ಅವನ ಕೆಲಸವಾಗಿರಬಹುದು. ಅಲ್ಲಿ ‘ತಿರಸ್ಕೃತ ಭಾಗಗಳನ್ನು ಕಡಿಮೆ ಮಾಡಿದೆ’ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಎಷ್ಟು ಭಾಗಗಳ ಅಳತೆ ತೆಗೆದ, ಯಾವ ಉಪಕರಣದಿಂದ, ಎಷ್ಟು ಮಿತಿಯೊಳಗೆ ಬರಬೇಕಿತ್ತು, ಮಿತಿ ಮೀರಿದವುಗಳಲ್ಲಿ ಯಾವ ದೋಷ ಹೆಚ್ಚಿತ್ತು ಎಂಬುದು ಅವನ ರಿಜಿಸ್ಟರ್‌ನಲ್ಲೇ ಇದೆ. ಅಷ್ಟೇ ಒಂದು ಒಳ್ಳೆಯ ಸಾಲು.

ಫಲಿತಾಂಶ ಯಾವಾಗಲೂ ಅಂಕಿಯೇ ಆಗಬೇಕೆಂದೂ ಇಲ್ಲ. ನೀವು ಬಿಟ್ಟುಬಂದ ವಸ್ತುವಿನ ಗತಿಯೂ ಫಲಿತಾಂಶವೇ. ನಮ್ಮ ವಿದ್ಯಾರ್ಥಿನಿ ಗಂಟೆಗಳನ್ನು ಬರೆದಿಟ್ಟುಕೊಳ್ಳದೇ ಇದ್ದರೂ, ‘ನಾನು ಕಟ್ಟಿದ ಶೀಟ್ ಅನ್ನು ಕಚೇರಿಯವರು ಉಳಿದ ಕ್ಲೈಂಟ್‌ಗಳಿಗೂ ಬಳಸಲು ತೆಗೆದುಕೊಂಡರು’ ಎಂದು ಬರೆಯಬಹುದಿತ್ತು, ಅದು ನಿಜವಾಗಿದ್ದರೆ. ಯಾರೋ ಅದನ್ನು ಕೆಲಸಕ್ಕೆ ಹಚ್ಚಿದರು ಎಂಬುದು ಊಹಿಸಿ ಹಾಕಿದ ಶೇಕಡಾವಾರಿಗಿಂತ ಗಟ್ಟಿ.

ನಿಜಕ್ಕೂ ಏನೂ ಮಾಡಲು ಕೊಡದೆ ಕೂರಿಸಿದ್ದ ಇಂಟರ್ನ್‌ಶಿಪ್ ಆಗಿದ್ದರೆ ಅದನ್ನು ಊದಿ ಮೂರು ಸಾಲು ಮಾಡುವ ಅಗತ್ಯವಿಲ್ಲ. ಸಂಸ್ಥೆಯ ಹೆಸರು, ಅವಧಿ ಬರೆದು ಒಂದೇ ಸಾಲಿಗೆ ಮುಗಿಸಿ, ಆ ಜಾಗವನ್ನು ಕಾಲೇಜಿನ ಪ್ರಾಜೆಕ್ಟ್‌ಗೆ ಬಿಟ್ಟುಕೊಡುವುದು ಜಾಣತನ.

ಮೂರು ಪ್ರಶ್ನೆಗೆ ನಿಲ್ಲಬೇಕು

ರೆಸ್ಯೂಮೆಯ ಪ್ರತಿ ಸಾಲನ್ನೂ ಕಳಿಸುವ ಮೊದಲು ಮನೆಯಲ್ಲೇ ಪರೀಕ್ಷಿಸಬಹುದು. ಅಣ್ಣನಿಗೋ ಗೆಳತಿಗೋ ಅದನ್ನು ಕೊಟ್ಟು, ಸಾಲಿಗೆ ಮೂರು ಪ್ರಶ್ನೆ ಕೇಳಲು ಹೇಳಿ: ಈ ಅಂಕಿ ಎಲ್ಲಿಂದ ಬಂತು? ಇದರಲ್ಲಿ ನೀನು ಮಾಡಿದ್ದೆಷ್ಟು, ಉಳಿದವರದ್ದೆಷ್ಟು? ಇದನ್ನು ಮಾಡುವಾಗ ತೊಡಕಾದದ್ದು ಎಲ್ಲಿ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಸಾಲು ಉಳಿಯಲಿ. ಮೊದಲನೆಯದಕ್ಕೆ ತಡವರಿಸಿದರೆ ಅಂಕಿ ತಿದ್ದಬೇಕು, ಎರಡನೆಯದಕ್ಕೆ ತಡವರಿಸಿದರೆ ಕ್ರಿಯಾಪದ ಇಳಿಸಬೇಕು. ಮೂರನೆಯದಕ್ಕೆ ಏನೂ ತೋಚದಿದ್ದರೆ ಆ ಕೆಲಸವನ್ನು ನೀವು ಮಾಡಿದ್ದೀರೋ ನೋಡಿದ್ದೀರೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಈಗ ಇಂಟರ್ನ್‌ಶಿಪ್‌ನಲ್ಲಿರುವವರಿಗೆ ಒಂದು ಮಾತು. ಕೊನೆಯ ದಿನ ಪ್ರಮಾಣಪತ್ರ ತೆಗೆದುಕೊಂಡು ಹೊರಡುವ ಮೊದಲು, ನೀವು ಬರೆದ ಮೂರು ಸಾಲುಗಳನ್ನು ನಿಮ್ಮ ಸೀನಿಯರ್‌ಗೆ ಓದಿ ಹೇಳಿ. ಅಂಕಿ ಸರಿಯೇ, ಇಷ್ಟು ಹೇಳಲು ಅಡ್ಡಿಯಿಲ್ಲವೇ ಎಂದು ಕೇಳಿ. ಹೊಸ ಕಂಪನಿಯವರು ನಾಳೆ ಫೋನ್ ಮಾಡಿ ವಿಚಾರಿಸುವುದು ಅವರನ್ನೇ.